ಕೈ ಎತ್ತಲಾಗದ ಅಮ್ಮನಿಗೆ ರವಿಕೆ, ಸೀರೆ: ಹುಕ್ಕು, ಲಾಡಿ ಇಲ್ಲದೆ ಹೊಲಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಮ್ಮನಿಗೆ 78. ಎರಡು ವರ್ಷದ ಹಿಂದೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದ ಮೇಲೆ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಬೆರಳಿನ ಗಂಟುಗಳು ಅದಕ್ಕೂ ಮೊದಲೇ ದಪ್ಪವಾಗಿದ್ದವು. ಒಂದು ದಿನ ಬೆಳಿಗ್ಗೆ ಕೋಣೆಯ ಬಾಗಿಲು ತುಂಬಾ ಹೊತ್ತು ಮುಚ್ಚಿಯೇ ಇತ್ತು. ಒಳಗೆ ಹೋದರೆ ಮಂಚದ ಮೇಲೆ ಕೂತಿದ್ದಾರೆ. ರವಿಕೆಯ ಒಂದು ಕೈ ಹಾಕಿದೆ, ಇನ್ನೊಂದು ಬೆನ್ನ ಹಿಂದೆ ನೇತಾಡುತ್ತಿದೆ. "ಎನಗೆ ಎಡಿತ್ತಿಲ್ಲೆ" ಅಂದರು. ನನಗೆ ಆಗುವುದಿಲ್ಲ ಅಂತ. ನಮ್ಮ ಹವ್ಯಕ ಮಾತಿನಲ್ಲಿ ಅಷ್ಟೇ ಸಣ್ಣ ಮಾತು.

ಎಲ್ಲರೂ ಹೇಳುವ ಪರಿಹಾರ ನೈಟಿ. ಮನೆಯೊಳಗೆ ಸರಿ. ಆದರೆ ಪೂಜೆಗೆ, ಉಪನಯನಕ್ಕೆ, ಯಾರಾದರೂ ನೋಡಲು ಬಂದಾಗ ಅಮ್ಮ ನೈಟಿಯಲ್ಲಿ ಹೊರಗೆ ಬರುವವರಲ್ಲ. ಆನ್‌ಲೈನಿನಲ್ಲಿ ಒಂದು ಹಿಂಬದಿ ತೆರೆಯುವ ಗೌನು ತರಿಸಿದೆ. ಅಮ್ಮ ಅದನ್ನು ಮಡಚಿ ವಾಪಸ್ ಕೊಟ್ಟರು. "ಇದು ಆಸ್ಪತ್ರೆ ಅಂಗಿ ಅಲ್ವಾ?" ಅಂದರು. ತಪ್ಪು ನನ್ನದೇ. ಹಿಂದೆ ತೆರೆಯುವ ಬಟ್ಟೆ ಬೇರೆಯವರು ಉಡಿಸಬೇಕಾದವರಿಗೆ, ಮಂಚದಲ್ಲೋ ಗಾಲಿಕುರ್ಚಿಯಲ್ಲೋ ಇರುವವರಿಗೆ. ತಾವೇ ಉಟ್ಟುಕೊಳ್ಳಬಲ್ಲವರಿಗೆ ತೆರೆಯುವ ಜಾಗ ಮುಂದೆಯೇ ಇರಬೇಕು, ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬೇಕು. ಈ ಬರಹ ಅಂಥವರಿಗೆ ಮಾತ್ರ.

ಹೊಸ ಬಟ್ಟೆಯ ಅಗತ್ಯವೂ ಬರಲಿಲ್ಲ. ಇದ್ದ ರವಿಕೆ, ಇದ್ದ ಸೀರೆಗಳನ್ನೇ ಬದಲಾಯಿಸಿದೆವು.

ಮೊದಲು ಬೆಳಿಗ್ಗೆ ಸುಮ್ನೆ ಕೂತು ನೋಡಿ

ಟೈಲರ್ ಹತ್ತಿರ ಹೋಗುವ ಮೊದಲು ಒಂದು ಬೆಳಿಗ್ಗೆ ಇದಕ್ಕೆ ಇಡಿ. ಬೆಳಿಗ್ಗೆಯೇ ಯಾಕೆಂದರೆ ಗಂಟುಗಳ ಬಿಗಿತ ಎದ್ದ ಕೂಡಲೇ ಜಾಸ್ತಿ. ಸವೆತದ ಸಂಧಿನೋವಿನಲ್ಲಿ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಆಮವಾತದಂಥ ಉರಿಯೂತದ ಕಾಯಿಲೆಯಲ್ಲಿ ಒಂದು ಗಂಟೆಗೂ ಮೀರಿ ಇರುತ್ತದೆ. ಸಂಜೆ ನಾಲ್ಕಕ್ಕೆ ಅಳತೆ ಕೊಟ್ಟು ಹೊಲಿಸಿದ ರವಿಕೆ ಬೆಳಿಗ್ಗೆ ಆರಕ್ಕೆ ಆಗಿಬರುವುದಿಲ್ಲ.

ಅಮ್ಮ ದಿನದ ರವಿಕೆಯನ್ನೇ ಹಾಕಿಕೊಳ್ಳಲಿ. ನೀವು ಸಹಾಯಕ್ಕೆ ಹೋಗಬೇಡಿ. ಕೈ ಎಲ್ಲಿ ನಿಲ್ಲುತ್ತದೆ, ಅಷ್ಟು ನೋಡಿ. ನಮ್ಮಮ್ಮನದು ಎರಡು ಕಡೆ ನಿಂತಿತು. ಒಂದು, ಎರಡನೆಯ ತೋಳು ಹಾಕುವಾಗ. ಎಡಗೈ ಮೊದಲು ಹಾಕಿ, ಆಮೇಲೆ ಬಲಗೈಯನ್ನು ಹಿಂದಕ್ಕೆ ತಿರುಗಿಸಲು ನೋಡುತ್ತಿದ್ದರು. ಭುಜ ಒಪ್ಪುತ್ತಿರಲಿಲ್ಲ. ಇನ್ನೊಂದು, ಹುಕ್ಕು. ಕೊನೆಗೆ ಲಾಡಿಯ ಗಂಟು ಇದ್ದೇ ಇತ್ತು.

ಬೆರಳಿನ ಬಲ ತಿಳಿಯಲು ನಾನು ಬಟ್ಟೆ ಒಣಹಾಕುವ ಕ್ಲಿಪ್ ಕೊಟ್ಟೆ. ಅದನ್ನು ಒತ್ತಿ ತೆರೆಯಲು ಆಯಿತು, ಆದರೆ ಹೆಬ್ಬೆರಳ ಬುಡ ನೋಯಿತು. ಟಿಚ್ ಬಟನ್ ಆಗದು ಅಂತ ಅಲ್ಲೇ ಗೊತ್ತಾಯಿತು. ಟಿಚ್ ಬಟನ್ ಮುಚ್ಚಬೇಕಾದರೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕು, ಹಿಂದಿನಿಂದ ಆಧಾರವೂ ಬೇಕು. ಎದೆಯ ಮೇಲೆ ಒತ್ತಿದರೆ ಆಧಾರ ಎಲ್ಲಿ?

ಅಯಸ್ಕಾಂತದ ಗುಂಡಿ ಬೆರಳಿಗೆ ಎಲ್ಲಕ್ಕಿಂತ ಸುಲಭ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಇದ್ದವರ ರವಿಕೆಗೆ, ಅಂಗಿಗೆ ಅದನ್ನು ಹಾಕಲೇಬಾರದು. ಅಯಸ್ಕಾಂತ ಹತ್ತಿರ ಬಂದರೆ ಆ ಯಂತ್ರದ ಕೆಲಸ ಏರುಪೇರಾಗಬಹುದು. ಉಡಿಸಲು ಸಹಾಯ ಮಾಡುವವರಿಗೆ ಪೇಸ್‌ಮೇಕರ್ ಇದ್ದರೂ ಇದೇ ಮಾತು. ನಮ್ಮಮ್ಮನಿಗೆ ಪೇಸ್‌ಮೇಕರ್ ಇಲ್ಲ. ಆದರೂ ನಾನು ಬೇಡ ಅಂದೆ. ಚಿಕ್ಕಮ್ಮನಿಗೆ ಇದೆ, ಮನೆಯಲ್ಲಿ ಇಬ್ಬರ ಬಟ್ಟೆಯೂ ಒಂದೇ ಹಗ್ಗದಲ್ಲಿ ಒಣಗುತ್ತದೆ, ಯಾರದ್ದು ಯಾರಿಗೆ ಹೋಗುತ್ತದೋ ಹೇಳಲಾಗದು.

ಉಳಿದದ್ದು ವೆಲ್ಕ್ರೋ.

ಕಂಕುಳಿಗೆ ಒಂದು ಚೌಕ ತುಂಡು

ವೆಲ್ಕ್ರೋ ವಿಷಯಕ್ಕೆ ಹೋಗುವ ಮೊದಲು ತೋಳಿನ ಕೆಲಸ ಮುಗಿಸಬೇಕು. ತೋಳು ಒಳಗೆ ಹೋಗದಿದ್ದರೆ ಮುಂದೆ ಏನಿದ್ದರೂ ಉಪಯೋಗವಿಲ್ಲ. "ಸ್ಟ್ರೆಚ್ ರವಿಕೆ ತೆಗೆದುಕೊಳ್ಳಿ" ಅಂತ ತುಂಬಾ ಜನ ಹೇಳಿದರು. ಹಿಗ್ಗುತ್ತದೆ ನಿಜ, ಆದರೆ ಹೆಚ್ಚಿನವು ತಲೆಯ ಮೇಲಿಂದ ಹಾಕುವಂಥವು. ಎರಡೂ ಕೈ ಮೇಲೆತ್ತಬೇಕು. ಭುಜ ಹಿಡಿದವರಿಗೆ ಅದೇ ಆಗದ ಕೆಲಸ.

ನಮ್ಮ ಟೈಲರಿಗೆ ನಾನು ಹೇಳಿದ್ದು ಹಳೆಯ ಜುಬ್ಬಾದ ಉಪಾಯ. ಅಜ್ಜಂದಿರ ಜುಬ್ಬಾದಲ್ಲಿ ಕಂಕುಳಲ್ಲಿ ಒಂದು ಚೌಕ ತುಂಡು ಇರುತ್ತಿತ್ತು. ನೋಡಿರಬಹುದು. ಅದೇ ತುಂಡನ್ನು ರವಿಕೆಗೆ ಸೇರಿಸುವುದು. ಹೊಲಿದ ಮೇಲೆ 3 ಇಂಚು ಉಳಿಯುವಂತೆ, ಅಂದರೆ 4 ಇಂಚಿನ ಚೌಕ ಕತ್ತರಿಸಿಕೊಳ್ಳಿ. ಸುತ್ತ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ. ಬಿಗಿತ ಕಡಿಮೆ ಇದ್ದವರಿಗೆ 2 ಇಂಚು ಸಾಕು.

ಕಂಕುಳಲ್ಲಿ ಎರಡು ಹೊಲಿಗೆ ಕೂಡುತ್ತವೆ. ಒಂದು ರವಿಕೆಯ ಪಕ್ಕದ ಹೊಲಿಗೆ, ಸೊಂಟದ ಕಡೆಯಿಂದ ಮೇಲೆ ಬರುವುದು. ಇನ್ನೊಂದು ತೋಳಿನ ಕೆಳಗಿನ ಹೊಲಿಗೆ. ಕಂಕುಳಿಂದ ಎರಡರ ಮೇಲೂ 3 ಇಂಚು ಬಿಚ್ಚಿ. ತೋಳನ್ನು ಮೈಗೆ ಜೋಡಿಸಿದ ಸುತ್ತು ಹೊಲಿಗೆಯನ್ನು ಕಂಕುಳ ತುದಿಯಲ್ಲಿ ಮಾತ್ರ, ಆಚೆ ಈಚೆ ಅರ್ಧ ಇಂಚು ಬಿಚ್ಚಿದರೆ ಸಾಕು. ಈಗ ಒಂದು ಉದ್ದ ಸೀಳು ಸಿಗುತ್ತದೆ. ಅದನ್ನು ಎರಡೂ ಬದಿಗೆ ಎಳೆದರೆ ವಜ್ರದ ಆಕಾರದ ತೂತು. ಚೌಕದ ಒಂದು ಮೂಲೆ ಸೊಂಟದ ಕಡೆಗೆ, ಎದುರಿನ ಮೂಲೆ ಮೊಣಕೈ ಕಡೆಗೆ ಬರಲಿ. ಉಳಿದೆರಡು ಮೂಲೆ ಮುಂದೆ, ಹಿಂದೆ ಸುತ್ತು ಹೊಲಿಗೆಗೆ ಸೇರುತ್ತವೆ.

ಕಂಕುಳಲ್ಲಿ ಅಡ್ಡಕ್ಕೆ ಸುಮಾರು 4 ಇಂಚು ಜಾಗ ಸಿಗುತ್ತದೆ. ಕೈ ಇಳಿಸಿದಾಗ ಆ ತುಂಡು ಒಳಗೆ ಮಡಚಿಕೊಂಡು ಕೂರುತ್ತದೆ, ಯಾರಿಗೂ ಕಾಣುವುದಿಲ್ಲ. ಬಣ್ಣ ಹೊಂದದಿದ್ದರೂ ನಡೆಯುತ್ತದೆ. ಅಲ್ಲಿ ಬೆವರು ಜಾಸ್ತಿ, ಅದಕ್ಕೆ ತೆಳು ಹತ್ತಿಯೇ ಆಗಬೇಕು. ನಾನು ಹರಿದ ಹಳೆ ಸೀರೆಯಿಂದ ತೆಗೆದೆ. ಹೊಸ ಬಟ್ಟೆಯಾದರೆ ಮೊದಲು ಒಂದು ಸಲ ಒಗೆದುಬಿಡಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಎಳೆಯುತ್ತದೆ.

ಮೂಲೆಗಳೇ ಇದರಲ್ಲಿ ಕಷ್ಟ. ನಮ್ಮ ಮೊದಲ ರವಿಕೆಯಲ್ಲಿ ಟೈಲರ್ ಮೂಲೆಯಲ್ಲಿ ಸೂಜಿ ನಿಲ್ಲಿಸದೆ ಸರ್ರನೆ ತಿರುಗಿಸಿದ್ದರು. ಎರಡನೇ ವಾರಕ್ಕೆ ಅಲ್ಲೇ ಎಳೆ ಬಿಟ್ಟಿತು. ಪ್ರತಿ ಮೂಲೆಯಲ್ಲೂ ಸೂಜಿ ಬಟ್ಟೆಯೊಳಗೆ ಇರುವಾಗಲೇ ತಿರುಗಿಸಬೇಕು. ಮೂಲೆಯ ಹಿಂದೆ ಉಗುರಿನಷ್ಟು ತುಂಡು ಬಟ್ಟೆ ಇಟ್ಟು ಹೊಲಿದರೆ ಗಟ್ಟಿ.

ಹುಕ್ಕಿನ ಜಾಗಕ್ಕೆ ವೆಲ್ಕ್ರೋ

ಇಲ್ಲಿ ನಾನು ಮಾಡಿದ ತಪ್ಪು ಮೊದಲು ಹೇಳುತ್ತೇನೆ. ಕುತ್ತಿಗೆಯಿಂದ ಕೆಳಗಿನವರೆಗೆ ಒಂದೇ ಉದ್ದ ಪಟ್ಟಿ ಹಾಕಿಸಿದೆ. ಮುಚ್ಚಲು ಸುಲಭ ಅಂತ ಎಣಿಸಿದ್ದು. ಆದರೆ ಉದ್ದ ಪಟ್ಟಿ ನೇರ ಕೂರಿಸುವುದೇ ಕಷ್ಟ. ಕೆಳಗೆ ಸರಿಯಾದರೆ ಮೇಲೆ ಓರೆ. ಕೂತರೆ ಮಧ್ಯದಲ್ಲಿ ಮಡಚಿ ಹೊಟ್ಟೆಗೆ ಚುಚ್ಚುತ್ತದೆ. ತೆಗೆಯುವಾಗ ಇಡೀ ಉದ್ದ ಎಳೆಯಬೇಕು, ಅಮ್ಮನ ಬೆರಳಿಗೆ ಅಷ್ಟು ಬಲ ಇಲ್ಲ. ಅದನ್ನು ಬಿಚ್ಚಿಸಿ ನಾಲ್ಕು ತುಂಡು ಹಾಕಿಸಿದೆವು.

1 ಇಂಚು ಅಗಲದ, ಹೊಲಿಯುವ ವೆಲ್ಕ್ರೋ ತನ್ನಿ. ಅಂಟು ಇರುವುದು ಬೇಡ. ಆ ಅಂಟು ಹೊಲಿಗೆ ಯಂತ್ರದ ಸೂಜಿಗೆ ಮೆತ್ತಿಕೊಳ್ಳುತ್ತದೆ, ಬೆವರಿಗೆ ಬಿಟ್ಟೂ ಬರುತ್ತದೆ. ವೆಲ್ಕ್ರೋದಲ್ಲಿ ಒಂದು ಬದಿ ಒರಟು, ಇನ್ನೊಂದು ಮೃದು. ಒರಟು ತುಂಡು 1 ಇಂಚು, ಮೃದು ತುಂಡು ಒಂದೂವರೆ ಇಂಚು ಕತ್ತರಿಸಿ. ಸಮ ಕತ್ತರಿಸಿದರೆ ಸ್ವಲ್ಪ ಓರೆಯಾದರೂ ಒರಟಿನ ಅಂಚು ಹೊರಗೆ ಬಂದು ಮೈ ಗೀರುತ್ತದೆ, ಸೀರೆಯ ಎಳೆಯನ್ನೂ ಕೀಳುತ್ತದೆ. ಮೃದು ತುಂಡು ಅರ್ಧ ಇಂಚು ದೊಡ್ಡದಿದ್ದರೆ ಕಾಲು ಇಂಚು ಆಚೀಚೆ ಆದರೂ ಒರಟು ಮುಚ್ಚಿಯೇ ಇರುತ್ತದೆ. ವಯಸ್ಸಾದವರ ಚರ್ಮ ಕಾಗದದಷ್ಟು ತೆಳು. ಈ ಅರ್ಧ ಇಂಚು ಲೆಕ್ಕಕ್ಕೆ ಬರುತ್ತದೆ.

ಒರಟು ತುಂಡು ಅಡಿಯ ಪಟ್ಟಿಯ ಮೇಲೆ, ಹೊರಮುಖವಾಗಿ. ಮೃದು ತುಂಡು ಮೇಲೆ ಬರುವ ಪಟ್ಟಿಯ ಒಳಗೆ, ಅಡ್ಡಲಾಗಿ. ಮೈಯ ಕಡೆ ಯಾವಾಗಲೂ ಮೃದುವೇ ಇರಬೇಕು. ಹಳೆ ರವಿಕೆಯ ಪಟ್ಟಿ ಇದಕ್ಕೆಲ್ಲ ಸಾಲುವುದಿಲ್ಲ. ಅಡಿಯ ಪಟ್ಟಿಗೆ ಒಂದೂವರೆ ಇಂಚು ಬಟ್ಟೆ ಸೇರಿಸಬೇಕು. ಮೇಲಿನ ಪಟ್ಟಿಯ ಅಂಚಿನಲ್ಲಿ ಅರ್ಧ ಇಂಚು ಖಾಲಿ ಬಿಡಿ. ತೆಗೆಯುವಾಗ ಬೆರಳು ತೂರಿಸಲು ಆ ಜಾಗ ಬೇಕು. ನಮ್ಮಲ್ಲಿ ಮೊದಲು ಅಂಚಿನವರೆಗೂ ಹೊಲಿದಿದ್ದರು, ಅಮ್ಮ ಉಗುರಿನಿಂದ ಕೆರೆದು ತೆಗೆಯುತ್ತಿದ್ದರು.

ನಾಲ್ಕರಲ್ಲಿ ಮೊದಲ ಜಾಗ ಎದೆಯ ಅತಿ ತುಂಬಿದ ಮಟ್ಟ. ಅಲ್ಲಿ ಗುರುತು ಹಾಕಿದ ಮೇಲೆ ತೀರಾ ಕೆಳಗೆ ಒಂದು, ತೀರಾ ಮೇಲೆ ಒಂದು, ಉಳಿದದ್ದು ದೊಡ್ಡ ಖಾಲಿಯ ನಡುವೆ. ಸಮ ಅಂತರ ಅಂತ ಮೇಲಿಂದ ಲೆಕ್ಕ ಹಾಕಿಕೊಂಡು ಬಂದರೆ ತುಂಬಿದ ಜಾಗ ಎರಡು ತುಂಡಿನ ನಡುವೆ ಬಿದ್ದು ಬಾಯಿ ಬಿಡುತ್ತದೆ.

ವೆಲ್ಕ್ರೋ ಪಕ್ಕಕ್ಕೆ ಎಳೆದರೆ ಗಟ್ಟಿ, ಮೇಲಕ್ಕೆ ಸುಲಿದರೆ ಸಡಿಲ. ಸಡಿಲ ರವಿಕೆಯಲ್ಲಿ ಅದು ಪಕ್ಕಕ್ಕೆ ಎಳೆತ ತಡೆದುಕೊಂಡು ಸುಮ್ಮನೆ ಕೂರುತ್ತದೆ. ಬಿಗಿ ರವಿಕೆಯಲ್ಲಿ ಅಂಚು ಮೇಲೆದ್ದು ಸುಲಿಯಲು ಶುರುವಾಗುತ್ತದೆ. ಹಾಗಾಗಿ "ವೆಲ್ಕ್ರೋ ನಿಲ್ಲುತ್ತಿಲ್ಲ" ಅಂದರೆ ಹೆಚ್ಚಿನ ಸಲ ರವಿಕೆಯೇ ಬಿಗಿ ಅಂತ ತಿಳಿಯಿರಿ. ಹಾಕಿದ ಮೇಲೆ ಅಮ್ಮನನ್ನು ಕೂರಿಸಿ, ಎರಡು ಸಲ ಕೆಮ್ಮಲು ಹೇಳಿ. ಎದೆಯಿಂದ ಕಂಕುಳಿಗೆ ಓರೆ ಗೆರೆ ಎದ್ದರೆ ಪಕ್ಕದ ಹೊಲಿಗೆ ಬಿಡಿಸಬೇಕು. ಟೈಲರುಗಳು ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರುತ್ತಾರೆ, ಅದು ಇಂಥ ದಿನಕ್ಕೇ.

ಇನ್ನು ನೋಟದ ವಿಷಯ. ವೆಲ್ಕ್ರೋ ಹೊಲಿದ ಚೌಕ ಗೆರೆ ಹೊರಗೆ ಕಾಣುತ್ತದೆ. ಅಮ್ಮನ ಕಣ್ಣು ಮೊದಲು ಬಿದ್ದದ್ದೇ ಅಲ್ಲಿಗೆ. ಅದರ ಮೇಲೆ ರವಿಕೆ ಬಟ್ಟೆಯೇ ಸುತ್ತಿದ ಚಪ್ಪಟೆ ಗುಂಡಿ ಒಂದೊಂದು ಹೊಲಿಸಿದೆವು. ನೋಡಿದರೆ ಗುಂಡಿ ರವಿಕೆ. ಬೇರೆ ಒಂದು ಉಪಕಾರವೂ ಆಯಿತು. ಎಲ್ಲಿ ಒತ್ತಬೇಕು ಅಂತ ಬೆರಳಿಗೆ ತಿಳಿಯುತ್ತದೆ, ಕನ್ನಡಕ ಹುಡುಕಬೇಕಾಗಿಲ್ಲ.

ಹಾಕುವ ಕ್ರಮ

ಕಾಲು ನೆಲಕ್ಕೆ ಊರುವ ಗಟ್ಟಿ ಕುರ್ಚಿಯಲ್ಲಿ ಕೂರಬೇಕು. ಮಂಚ ಮೆತ್ತಗೆ ಕುಸಿಯುತ್ತದೆ. ಬಿಗಿಯಾದ ಕೈ ಮೊದಲು ಒಳಗೆ. ತೆಗೆಯುವಾಗ ಸರಿ ಇರುವ ಕೈ ಮೊದಲು ಹೊರಗೆ. ಅಮ್ಮ 60 ವರ್ಷ ಎಡಗೈ ಮೊದಲು ಹಾಕಿದವರು. ಅಭ್ಯಾಸ ತಪ್ಪಿಸಲು ಬಲತೋಳಿನ ಒಳಗೆ ಕೆಂಪು ನೂಲಿನಲ್ಲಿ ಒಂದು ಚುಕ್ಕೆ ಹಾಕಿಕೊಟ್ಟೆ. ಬಲತೋಳನ್ನು ಎಡಗೈಯಿಂದ ಭುಜದವರೆಗೆ ಪೂರ್ತಿ ಏರಿಸಿದ ಮೇಲೆಯೇ ಉಳಿದ ರವಿಕೆಯನ್ನು ಬೆನ್ನ ಹಿಂದಿನಿಂದ ತರುವುದು. ಅರ್ಧಕ್ಕೆ ಬಿಟ್ಟರೆ ಎಡಗೈಗೆ ಬಟ್ಟೆ ಸಾಲುವುದಿಲ್ಲ. ಮುಚ್ಚುವುದು ಕೆಳಗಿನ ಗುಂಡಿಯಿಂದ ಮೇಲಕ್ಕೆ. ಕೆಳಗೆ ಕೈ ಮಡಿಲಲ್ಲೇ ಇರುತ್ತದೆ, ಕಣ್ಣಿಗೂ ಕಾಣುತ್ತದೆ, ಅದು ಸರಿಯಾದರೆ ಮೇಲಿನದ್ದು ತಾನಾಗಿ ಎದುರುಬದುರು ಬರುತ್ತದೆ.

ಸೀರೆ: ಕತ್ತರಿಸದೆ

ಅಮ್ಮನ ಒಳ್ಳೆ ಸೀರೆಗಳಲ್ಲಿ ಎರಡು ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆ. ಭೌಗೋಳಿಕ ಗುರುತು ಸಿಕ್ಕಿದ ಸೀರೆ ಅದು, ಬಾಳಿಕೆಗೆ ಹೆಸರಾದದ್ದು. ಟೈಲರ್ "ಎರಡು ತುಂಡು ಮಾಡಿದರೆ ಸುಲಭ ಅಕ್ಕಾ" ಅಂದರು. ಅಮ್ಮನ ಮುಖ ನೋಡಿ ನಾನು ಬೇಡ ಅಂದೆ. ಕತ್ತರಿಸಬೇಕಾಗಿಯೂ ಇಲ್ಲ.

ಒಂದು ಸಲ ಅಮ್ಮನಿಗೆ ನೀವೇ ಸರಿಯಾಗಿ ಸೀರೆ ಉಡಿಸಿ. ಸೆರಗಿನ ತುದಿ ಎಷ್ಟು ಇಳಿಯಬೇಕು, ನೆರಿಗೆ ಎಷ್ಟು ಬೇಕು ಅಂತ ಅವರನ್ನೇ ಕೇಳಿ. ಸೀರೆಯ ಕೆಳಗಿನ ಅಂಚು ನೆಲದಿಂದ 2 ಇಂಚು ಮೇಲೆ ಇರಲಿ, ಕಾಲಿಗೆ ಸಿಕ್ಕಿದರೆ ಬೀಳುವುದೇ. ಈಗ ನಾಲ್ಕು ಕಡೆ ಪಿನ್ ಹಾಕಿ: ಸಿಕ್ಕಿಸಲು ಶುರು ಮಾಡಿದ ಜಾಗ, ನೆರಿಗೆ ಶುರು, ನೆರಿಗೆ ಕೊನೆ, ಎಡ ಭುಜ. ಉಟ್ಟದ್ದನ್ನು ಬಿಚ್ಚಿ.

ಸೊಂಟಕ್ಕೆ 2 ಇಂಚು ಅಗಲದ ಹತ್ತಿ ಪಟ್ಟಿ ಬೇಕು. ಅಮ್ಮನ ಸೊಂಟ 34, ಪಟ್ಟಿ 40 ಇಂಚು. ಹೆಚ್ಚಿನ 6 ಇಂಚು ಒಂದರ ಮೇಲೊಂದು ಬರಲು. ಸೀರೆಯ ಮೇಲಂಚಿನ ಮೊದಲ ಸುತ್ತನ್ನು ಈ ಪಟ್ಟಿಗೆ ಹೊಲಿಯಿರಿ. ಸುತ್ತು ಮುಗಿದು ಪಟ್ಟಿಯ ಕೊನೆ ಮುಂದೆ ಬರುವಲ್ಲಿ ನೆರಿಗೆಯ ಕಟ್ಟನ್ನು ಚಪ್ಪಟೆಯಾಗಿ ಇಟ್ಟು ಹೊಲಿಯಿರಿ. ಆ ಕೊನೆಯ ಒಳಗೆ ಮೃದು ವೆಲ್ಕ್ರೋ 5 ಇಂಚು, ಶುರುವಿನ ತುದಿಯ ಹೊರಗೆ ಒರಟು 3 ಇಂಚು. ಈ 2 ಇಂಚಿನ ವ್ಯತ್ಯಾಸ ಊಟದ ನಂತರದ ಹೊಟ್ಟೆಗೆ. ಮುಚ್ಚಿದಾಗ ವೆಲ್ಕ್ರೋ ನೆರಿಗೆಯ ಹಿಂದೆ ಅಡಗುತ್ತದೆ, ಹೊರಗಿನಿಂದ ಉಟ್ಟ ಸೀರೆಯೇ. ನೆರಿಗೆಯನ್ನು ಮೇಲಿನ 6 ಇಂಚು ಮಾತ್ರ ಹಿಡಿದು ಹೊಲಿಯಬೇಕು. ಕೆಳಗಿನವರೆಗೆ ಹೊಲಿದರೆ ಹೆಜ್ಜೆ ಇಡಲಾಗದು.

ಇದೆಲ್ಲ ಕೈಹೊಲಿಗೆ, ಉದ್ದ ಉದ್ದ ಎಳೆ. ಮುಂದೆ ಬೇಡ ಅನಿಸಿದರೆ ಕಾಲು ಗಂಟೆಯಲ್ಲಿ ಬಿಚ್ಚಬಹುದು, ಸೀರೆಗೆ ಏನೂ ಆಗಿರುವುದಿಲ್ಲ.

ಉಳಿದ ಉದ್ದ ಸಡಿಲವಾಗಿಯೇ ಬೆನ್ನಿನ ಸುತ್ತ ಹೋಗಿ, ಬಲ ಕಂಕುಳ ಕೆಳಗಿಂದ ಬಂದು ಎಡ ಭುಜ ಸೇರುತ್ತದೆ. ಇಲ್ಲಿ ಕೈ ಸೊಂಟಕ್ಕಿಂತ ಮೇಲೆ ಹೋಗುವ ಕೆಲಸ ಒಂದೇ: ಸೆರಗು ಭುಜಕ್ಕೆ ಹಾಕುವುದು. ಅದು ಎಡಗೈಯದ್ದು, ಮೊಣಕೈ ಮಡಚಿದರೆ ಸಾಕು. ಎಡ ಭುಜ ಬಿಗಿಯಾಗಿದ್ದವರಿಗೆ ಇದು ಆಗುವುದಿಲ್ಲ. ಅವರಿಗೆ ಸೆರಗನ್ನು ಮಾತ್ರ ಯಾರಾದರೂ ಹಾಕಿಕೊಡಬೇಕು. ಭುಜದ ಮಡಿಕೆಗಳನ್ನೂ ಒಟ್ಟಿಗೆ ಹೊಲಿದು, ಅಡಿಗೆ ಹತ್ತಿ ತುಂಡಿನ ಮೇಲೆ 1 ಇಂಚು ಒರಟು ವೆಲ್ಕ್ರೋ ಇಟ್ಟೆ. ರವಿಕೆಯ ಭುಜದ ಮೇಲೆ ಮೃದು ತುಂಡು. ಪಿನ್ ಇಲ್ಲ, ಜಾರುವುದೂ ಇಲ್ಲ.

ಒಳಲಂಗದ ಲಾಡಿ ತೆಗೆದು 1 ಇಂಚಿನ ಇಲಾಸ್ಟಿಕ್ ಹಾಕಿ. ಸೀರೆಯ ಭಾರ ಅದರ ಪಟ್ಟಿಯಲ್ಲೇ ನಿಲ್ಲುವುದರಿಂದ ಲಂಗ ಬಿಗಿ ಇರಬೇಕಾಗಿಲ್ಲ. ಒಳಬದಿಯಲ್ಲಿ ಎರಡೂ ಪಕ್ಕ ಕೈಬೆರಳು ತೂರುವಷ್ಟು ಬಟ್ಟೆಯ ಕುಣಿಕೆ ಹೊಲಿದರೆ ಹಿಡಿಯದೆಯೇ ಎಳೆದುಕೊಳ್ಳಬಹುದು. ಲಂಗವನ್ನು ಸೀರೆಗೇ ಸೇರಿಸಿ ಒಂದೇ ಉಡುಪು ಮಾಡಬಹುದಿತ್ತು. ಬೇರೆ ಊರಾದರೆ ಮಾಡುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ. ಆಷಾಢದಲ್ಲಿ ಮೂರು ಪದರದ ಸೊಂಟಪಟ್ಟಿ ಒಣಗುವುದಿಲ್ಲ, ಕರಿ ಚುಕ್ಕೆ ಬೀಳುತ್ತದೆ. ಬೇರೆ ಬೇರೆಯಾಗಿಯೇ ಇಟ್ಟೆ.

ಒಗೆಯುವ ಮೊದಲು ಎಲ್ಲ ವೆಲ್ಕ್ರೋ ಮುಚ್ಚಿ. ಸೆರಗಿನ ಒರಟು ತುಂಡಿಗೆ ಜೊತೆ ಇಲ್ಲದ್ದರಿಂದ ಒಂದು ಬಿಡಿ ಮೃದು ತುಂಡು ಅಂಟಿಸಿಡಿ. ಒರಟಿನಲ್ಲಿ ನೂಲು, ಕೂದಲು ತುಂಬಿದರೆ ಹಿಡಿತ ಹೋಗುತ್ತದೆ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದರೆ ಮತ್ತೆ ಬರುತ್ತದೆ. ಇಸ್ತ್ರಿಪೆಟ್ಟಿಗೆ ಅದರ ಮೇಲೆ ಹಾಯಿಸಬೇಡಿ, ಕರಗುತ್ತದೆ.

ಅಪ್ಪನಿಗೆ

ಇದು ಸಣ್ಣ ಕೆಲಸ. ಸೊಂಟಕ್ಕೆ ವೆಲ್ಕ್ರೋ ಇರುವ ಪಂಚೆ ಜವಳಿ ಅಂಗಡಿಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಅಂಗಿಯ ಗುಂಡಿಗಳನ್ನು ಕಿತ್ತು, ಗುಂಡಿತೂತಿನ ಮೇಲೆಯೇ ಹೊಲಿದುಬಿಡಿ. ತೂತೂ ಮುಚ್ಚುತ್ತದೆ, ಗುಂಡಿ ಹಾಕಿದಂತೆಯೇ ಕಾಣುತ್ತದೆ. ಅಡಿಯಲ್ಲಿ ವೆಲ್ಕ್ರೋ ತುಂಡು, ರವಿಕೆಯದೇ ಲೆಕ್ಕ.

ಒಂದೇ ರವಿಕೆ ಬದಲಾಯಿಸಿ ಒಂದು ವಾರ ಮನೆಯಲ್ಲಿ ಹಾಕಿ ನೋಡಿದ ಮೇಲೆಯೇ ಉಳಿದವನ್ನು ಕೊಡಿ. ನಮ್ಮಲ್ಲಿ ಎರಡನೆಯದಕ್ಕೆ ಗುಂಡಿಗಳು ಅರ್ಧ ಇಂಚು ಕೆಳಗೆ ಬಂದವು, ಮೂರನೆಯದಕ್ಕೆ ಎಡ ಕಂಕುಳ ತುಂಡು 2 ಇಂಚಿಗೆ ಇಳಿಯಿತು. ಹೋದ ತಿಂಗಳು ನೆಂಟರ ಮನೆಯ ಪೂಜೆಗೆ ಅಮ್ಮ ಆ ಮೂರನೆಯದನ್ನು ಕೈಮಗ್ಗದ ಸೀರೆಗೆ ಹಾಕಿಕೊಂಡರು, ಬಾಗಿಲು ಮುಚ್ಚಿಕೊಂಡು ಒಬ್ಬರೇ. ಅಲ್ಲಿ ಅತ್ತಿಗೆ ಕೇಳಿದ್ದು ಒಂದೇ, "ಗುಂಡಿ ರವಿಕೆ ಚಂದ ಇದೆ, ಯಾರು ಹೊಲಿದದ್ದು?" ಅಮ್ಮ ಟೈಲರ್ ಹೆಸರು ಹೇಳಿದರು. ವೆಲ್ಕ್ರೋ ಸುದ್ದಿ ಎತ್ತಲಿಲ್ಲ.